ಟಿಬಿ ಸಂಪರ್ಕಿತರ ರಿಜಿಸ್ಟರ್ ಬರೆಯುವುದು ಹೇಗೆ?

ಮೊದಲು ಪುಸ್ತಕ. ಉದ್ದ ಅಳತೆಯ ದಪ್ಪ ರಟ್ಟಿನದನ್ನೇ ತೆಗೆದುಕೊಳ್ಳಿ, ಪ್ರತಿ ಸಾಲನ್ನೂ ಎದುರುಬದುರಿನ ಎರಡೂ ಪುಟಕ್ಕೆ ಸೇರಿಸಿ ಎಳೆಯಿರಿ. ಅಂಗಡಿಯಲ್ಲಿ ಸಿಗುವ, ಕಲಂ ಮುದ್ರಿಸಿದ ರಿಜಿಸ್ಟರ್‌ಗಳಲ್ಲಿ ತಾರೀಕು ಬರೆಯುವಷ್ಟೂ ಜಾಗ ಇರುವುದಿಲ್ಲ. ಜೆಲ್ ಪೆನ್ ಬೇಡವೇ ಬೇಡ, ಮಲೆನಾಡಿನ ಮಳೆಗೆ ಶಾಯಿ ಹರಡುತ್ತದೆ. ರಟ್ಟಿನ ಮೇಲೆ ‘ಟಿಬಿ’ ಎಂದು ದೊಡ್ಡದಾಗಿ ಬರೆದುಕೊಂಡು ಮನೆಮನೆ ಸುತ್ತಬೇಡಿ, ರೋಗಿ ಯಾರೆಂದು ತೋಟದ ಇಡೀ ಲೈನ್‌ಗೆ ಗೊತ್ತಾಗುತ್ತದೆ.

ಪುಟದ ತಲೆಯಲ್ಲಿ ಟಿಬಿ ಪತ್ತೆಯಾದ ಮೂಲ ರೋಗಿಯ ಹೆಸರು, ಸರ್ಕಾರದ ಟಿಬಿ ದಾಖಲೆಯ ನಿಕ್ಷಯ್ ಐಡಿ, ಚಿಕಿತ್ಸೆ ಶುರುವಾದ ತಾರೀಕು ಬರೆಯಿರಿ. ಒಬ್ಬ ರೋಗಿಗೆ ಎದುರುಬದುರಿನ ಒಂದು ಜೋಡಿ ಪುಟ.

ಹೆಚ್ಚಿನವರು ಎಡವುವುದು ಇನ್ನು ಮುಂದೆ, ಹೆಸರು ಬರೆಯುವಲ್ಲಿ. ರೇಷನ್ ಕಾರ್ಡ್ ನೋಡಿ ನಕಲು ಮಾಡಿದರೆ ಕೆಲಸ ಕೆಟ್ಟಿತು. ಚಿಕಿತ್ಸೆ ಶುರುವಾದ ದಿನದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ. ಆ ಅವಧಿಯಲ್ಲಿ ಒಂದು ರಾತ್ರಿಯಾದರೂ ರೋಗಿಯ ಜೊತೆ ಅದೇ ಸೂರಿನಡಿ ಮಲಗಿದವರು, ಇಲ್ಲವೇ ಹಗಲಲ್ಲಿ ಪದೇ ಪದೇ ಅಥವಾ ಬಹಳ ಹೊತ್ತು ಒಳಗೆ ಜೊತೆಗಿದ್ದವರು ಎಲ್ಲರೂ ಸಂಪರ್ಕಿತರೇ.

ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ರೋಗಿಗೆ ಶ್ವಾಸಕೋಶದ ಟಿಬಿ, ಜನವರಿ 12ಕ್ಕೆ ಮಾತ್ರೆ ಶುರು. ಅಂದರೆ ಅಕ್ಟೋಬರ್ 12ರಿಂದ ಲೆಕ್ಕ. ಹೆಂಡತಿ, ತಾಯಿ, ಒಂಬತ್ತರ ಮಗ, ಮೂರು ವರ್ಷದ ಮಗಳು ಕಾರ್ಡಿನಲ್ಲೇ ಇದ್ದಾರೆ. ಕಾಫಿ ಕೊಯ್ಲಿಗೆಂದು ನವೆಂಬರ್‌ನಲ್ಲಿ ಬಂದು ಡಿಸೆಂಬರ್ ಕೊನೆಗೆ ಊರಿಗೆ ಹೋದ ಅಕ್ಕನ ಮಗ ಕಾರ್ಡಿನಲ್ಲಿಲ್ಲ, ಈಗ ಮನೆಯಲ್ಲೂ ಇಲ್ಲ. ಅವನ ಹೆಸರು ಬರೆಯಲೇಬೇಕು. ದಿನಾ ಸಂಜೆ ಟಿವಿ ನೋಡಲು ಬಂದು ಮೂರ್ನಾಲ್ಕು ಗಂಟೆ ಕೂರುವ ಪಕ್ಕದ ಮನೆ ಹುಡುಗಿಯದೂ ಬರಬೇಕು. ಅಕ್ಟೋಬರ್ 5ಕ್ಕೇ ಹೊರಟುಹೋಗಿ ಮತ್ತೆ ಬಾರದ ಭಾವಮೈದುನ ಬೇಡ. “ಮನೇಲಿ ಎಷ್ಟು ಜನ ಇದೀರಿ?” ಎಂದು ಕೇಳಿದರೆ ಆ ಅಕ್ಕನ ಮಗ ಸಿಗುವುದೇ ಇಲ್ಲ. “ಅಕ್ಕ, ದಸರಾ ಆದಮೇಲೆ ಇಲ್ಲಿ ಯಾರ್ಯಾರು ಬಂದು ಮಲಗಿದ್ರು?” ಎಂದು ಕೇಳಿ. ಊರು ಬಿಟ್ಟವನ ಎದುರು ಫೋನ್ ನಂಬರ್, ಹೋದ ತಾಲ್ಲೂಕು ಎರಡನ್ನೂ ಬರೆದು ಅದೇ ವಾರ ಟಿಬಿ ಮೇಲ್ವಿಚಾರಕರಿಗೆ ತಿಳಿಸಿ. ‘ಊರಲ್ಲಿಲ್ಲ’ ಎಂದಷ್ಟೇ ಬರೆದರೆ ಅವನನ್ನು ಯಾರೂ ಹುಡುಕುವುದಿಲ್ಲ.

ತಪಾಸಣೆಗೆ ನಾಲ್ಕು ಸಣ್ಣ ಕಲಂ: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ಟಿಕ್ ಹಾಕಬೇಡಿ. ಟಿಕ್ ಎಂದರೆ ‘ಕೇಳಿದೆ’ ಎಂದೋ ‘ಇದೆ’ ಎಂದೋ ತಿಂಗಳು ಕಳೆದರೆ ಬರೆದವರಿಗೇ ತಿಳಿಯದು. ‘ಇದೆ’, ‘ಇಲ್ಲ’ ಎಂದೇ ಬರೆದು ಪಕ್ಕದಲ್ಲಿ ತಾರೀಕು ಹಾಕಿ. ರೋಗಿಯ ತಾಯಿ, ಅಂದರೆ ಮನೆಯ ಅಜ್ಜಿಯದು ‘ಬೀಡಿ ಕೆಮ್ಮು’ ಎಂದು ಮನೆಯವರು ತಳ್ಳಿಹಾಕಿದರೂ ನೀವು ‘ಇದೆ’ ಎಂದೇ ಬರೆಯಿರಿ. ಸಂಪರ್ಕಿತರ ವಿಷಯದಲ್ಲಿ ಕೆಮ್ಮಿಗೆ ಎರಡು ವಾರ ಆಗಲಿ ಎಂದು ಕಾಯುವಂತಿಲ್ಲ. ಚಿಕ್ಕ ಮಕ್ಕಳಿಗೆ ತೂಕ ಏರುತ್ತಿದೆಯೇ, ಆಟ ಕಡಿಮೆಯಾಗಿದೆಯೇ ಎಂದೂ ಕೇಳಬೇಕು.

ಕಫ ಮತ್ತು ಎಕ್ಸ್-ರೇಗೆ ‘ಕಳಿಸಿದ್ದು’, ‘ವರದಿ’ ಎಂದು ಎರಡೆರಡು ಕಲಂ ಇರಲಿ. ಒಂದೇ ಕಲಂ ಇದ್ದರೆ ಕಳಿಸಿದ ತಾರೀಕು ನೋಡಿ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ವರದಿ ಬರುವ ತನಕ ಅಲ್ಲಿ ಪೆನ್ಸಿಲ್‌ನಲ್ಲಿ ‘ಬಾಕಿ’ ಎಂದಿರಲಿ. ಅಜ್ಜಿಯ ವರದಿ ಬಾಕಿ ಇರುವಾಗ ಅವರಿಗೆ ಟಿಬಿ ಬರದಂತೆ ಕೊಡುವ ತಡೆ ಮಾತ್ರೆ ಶುರುವಾಗಬಾರದು. ರೋಗ ಆಗಲೇ ಇದ್ದರೆ ಒಂದೆರಡು ಔಷಧಿ ಮಾತ್ರ ಒಳಗೆ ಹೋಗಿ, ಮುಂದೆ ಆ ಔಷಧಿಗೆ ರೋಗಾಣು ಬಗ್ಗದಂತಾಗುತ್ತದೆ. ಮೂರು ವರ್ಷದ ಮಗಳದು ಬೇರೆ ಲೆಕ್ಕ: ಐದರೊಳಗಿನ ಮಕ್ಕಳಿಗೆ ರೋಗ ಇಲ್ಲ ಎಂದು ವೈದ್ಯರು ಖಚಿತಪಡಿಸಿದರೆ ಸಾಕು, ಸೋಂಕಿನ ಪರೀಕ್ಷೆಗೆಂದು ತಡೆ ಮಾತ್ರೆ ನಿಲ್ಲಿಸಬೇಕಿಲ್ಲ. ಅವಳ ತೂಕ ಬರೆಯಿರಿ, ಡೋಸ್ ನಿರ್ಧಾರವಾಗುವುದು ಅದರ ಮೇಲೆ.

ವಾರಕ್ಕೊಮ್ಮೆಯ ತಡೆ ಮಾತ್ರೆಯಾದರೆ ಹನ್ನೆರಡು ಚೌಕ ಎಳೆದು ಪ್ರತಿ ಚೌಕದಲ್ಲೂ ನುಂಗಿದ ತಾರೀಕು ಹಾಕಿ. ಹೆಂಡತಿ ಸೋಮವಾರ ಫೆಬ್ರವರಿ 3ಕ್ಕೆ ಶುರು ಮಾಡಿದರೆ ಕೊನೆಯ ಡೋಸ್ ಏಪ್ರಿಲ್ 21ಕ್ಕೆ. ನಡುವೆ ತಪ್ಪಿದರೂ ಹದಿನಾರು ವಾರದೊಳಗೆ, ಅಂದರೆ ಮೇ 26ರ ಹೊತ್ತಿಗೆ, ಕನಿಷ್ಠ 11 ಡೋಸ್ ಆಗಿರಬೇಕು. ಆ ಗಡುವನ್ನು ಮೊದಲ ದಿನವೇ ಕೆಂಪು ಶಾಯಿಯಲ್ಲಿ ಬರೆದಿಡಿ. ಮೂತ್ರ ಕೆಂಪಗಾಗುತ್ತದೆ ಎಂದು ಮುಂಚೆಯೇ ಹೇಳಿ, ಹೇಳಿದ್ದನ್ನು ಷರಾದಲ್ಲಿ ಬರೆಯಿರಿ. ಹೇಳದಿದ್ದರೆ ಹೆದರಿ ಎರಡನೇ ವಾರಕ್ಕೇ ಮಾತ್ರೆ ಬಿಡುತ್ತಾರೆ. ಹಳದಿ ಕಣ್ಣು, ವಾಂತಿ, ಊಟ ಸೇರದಿರುವುದು ಕಂಡರೆ ಮುಂದಿನ ಡೋಸ್ ಕೊಡದೆ ಅವತ್ತೇ ವೈದ್ಯರ ಬಳಿ ಕಳಿಸಿ.

ಕೊನೆಗೆ 6, 12, 18, 24ನೇ ತಿಂಗಳ ನಾಲ್ಕು ಕಲಂ. ಕೋರ್ಸ್ ಮುಗಿದ ದಿನವೇ ನಾಲ್ಕೂ ತಾರೀಕು ಲೆಕ್ಕ ಹಾಕಿ ಬರೆದು, ಆ ದಿನಗಳಲ್ಲಿ ಅದೇ ನಾಲ್ಕು ಲಕ್ಷಣ ಮತ್ತೆ ಕೇಳಿ. ಮಾತ್ರೆ ಬೇಡ ಎಂದವರ ಸಾಲನ್ನು ಹೊಡೆದುಹಾಕುವವರಿದ್ದಾರೆ. ಹಾಗೆ ಮಾಡಬೇಡಿ, ನಿರಾಕರಿಸಿದ ತಾರೀಕನ್ನೇ ಶುರು ಎಂದಿಟ್ಟುಕೊಂಡು ಅವರಿಗೂ ಎರಡು ವರ್ಷದ ತಾರೀಕು ಹಾಕಿ.