ಸೈಟ್ ಎಂಜಿನಿಯರ್ ಕೆಲಸಕ್ಕೆ ಇಮೇಲ್ ಬರೆಯುವುದು ಹೇಗೆ?

ಮೊದಲು ಸಬ್ಜೆಕ್ಟ್ ಸಾಲು. ‘ಕೆಲಸಕ್ಕೆ ಅರ್ಜಿ’ ಎಂದಷ್ಟೇ ಹಾಕಬೇಡಿ. ‘ಸೈಟ್ ಎಂಜಿನಿಯರ್, ವಸತಿ ಕಟ್ಟಡ, 4 ವರ್ಷ ಅನುಭವ, ಹೈದರಾಬಾದ್‌ಗೆ ಬರಲು ಸಿದ್ಧ’ ಎಂಬಷ್ಟು ವಿವರ ಇರಲಿ.

ಮುಂದಿನದು ಪ್ರಾಜೆಕ್ಟ್ ಎಷ್ಟು ದೊಡ್ಡದು ಎನ್ನುವ ಭಾಗ. ಜಾಸ್ತಿ ಜನ ಎಡವುವುದು ಇಲ್ಲೇ. ‘100 ಕೋಟಿ ಪ್ರಾಜೆಕ್ಟ್‌ನಲ್ಲಿ ದುಡಿದಿದ್ದೇನೆ’ ಎಂದರೆ ನೀವು ಏನು ಮಾಡಿದಿರಿ ಅಂತ ಗೊತ್ತಾಗುವುದಿಲ್ಲ. ಕೋಟಿ ಕಂಪನಿಯದು, ನಿಮ್ಮದಲ್ಲ. ನಿಮ್ಮ ಪಾಲಿನ ಕೆಲಸ ಹೇಳಿ.

ದಾವಣಗೆರೆಯಲ್ಲಿ ಎರಡು ಬ್ಲಾಕ್‌ಗಳ ಅಪಾರ್ಟ್‌ಮೆಂಟ್ ಎಂದುಕೊಳ್ಳಿ. ಒಂದು ಬ್ಲಾಕ್ ನಿಮ್ಮದು. ಆಗ ಹೀಗೆ ಬರೆಯಬಹುದು: ‘ನೆಲಮಹಡಿ ಮತ್ತು ಮೇಲೆ 4 ಮಹಡಿ, 48,000 ಚದರಡಿಯ ಬ್ಲಾಕ್‌ನ ಆರ್‌ಸಿಸಿ ಕೆಲಸವನ್ನು ಪಾಯದಿಂದ ಕೊನೆಯ ಸ್ಲ್ಯಾಬ್‌ವರೆಗೆ ನೋಡಿಕೊಂಡೆ. ಸುಮಾರು 1,800 ಘನ ಮೀಟರ್ ಕಾಂಕ್ರೀಟ್, 190 ಟನ್ ಸ್ಟೀಲ್. ಇಬ್ಬರು ಸೂಪರ್‌ವೈಸರ್‌ಗಳು ನನ್ನ ಕೈಕೆಳಗಿದ್ದರು.’

ಕಳಿಸುವ ಮುಂಚೆ ಒಂದು ಲೆಕ್ಕ ಹಾಕಿ. 190 ಟನ್ ಎಂದರೆ 1,90,000 ಕೆಜಿ. 48,000ದಿಂದ ಭಾಗಿಸಿದರೆ ಚದರಡಿಗೆ ಸುಮಾರು 4 ಕೆಜಿ. ಇಂಥ ಕಟ್ಟಡಕ್ಕೆ ಅದು ನಂಬುವ ಅಂಕಿ. 8 ಕೆಜಿ ಬಂದರೆ ಓದುವ ಪ್ರಾಜೆಕ್ಟ್ ಮ್ಯಾನೇಜರ್‌ಗೆ ತಕ್ಷಣ ಅನುಮಾನ ಬರುತ್ತದೆ. ಅಂಕಿ ನೆನಪಿಲ್ಲದಿದ್ದರೆ ಬಾರ್ ಬೆಂಡಿಂಗ್ ಶೆಡ್ಯೂಲ್, ಬಿಲ್ ನೋಡಿ. ಸುಮ್ನೆ ಊಹಿಸಬೇಡಿ, ಇಂಟರ್‌ವ್ಯೂನಲ್ಲಿ ಅದನ್ನೇ ಕೆದಕುತ್ತಾರೆ.

ಸುರಕ್ಷತೆಯ ಸರ್ಟಿಫಿಕೇಟ್ ಬಗ್ಗೆ ಬರೆಯುವಾಗ ಹೆಸರು ಸರಿಯಾಗಿರಲಿ. ‘ಓಶಾ ಸರ್ಟಿಫೈಡ್’ ಎಂದು ಅನೇಕರು ಬರೆಯುತ್ತಾರೆ. ಅಮೆರಿಕದ ಓಶಾ ಸಂಸ್ಥೆಯ 30 ಗಂಟೆಯ ಕೋರ್ಸ್ ಮುಗಿಸಿದರೆ ಕಾರ್ಡ್ ಸಿಗುತ್ತದೆ. ಆದರೆ ಅದು ತರಬೇತಿ ಮಾತ್ರ, ಸರ್ಟಿಫಿಕೇಶನ್ ಅಲ್ಲ ಎಂದು ಓಶಾನೇ ಹೇಳುತ್ತದೆ. ‘ಓಶಾ 30 ಗಂಟೆ ನಿರ್ಮಾಣ ತರಬೇತಿ ಪೂರ್ಣ’ ಎಂದು ಬರೆದರೆ ಸಾಕು. ನೆಬೋಶ್ ಪರೀಕ್ಷೆ ಪಾಸಾಗಿದ್ದರೆ ಕೋರ್ಸ್‌ನ ಪೂರ್ತಿ ಹೆಸರು, ವರ್ಷ ಹಾಕಿ. ಇನ್ನೂ ಓದುತ್ತಿದ್ದರೆ ‘ಓದುತ್ತಿದ್ದೇನೆ’ ಎಂದೇ ಇರಲಿ. ಜೊತೆಗೆ ಸೈಟ್‌ನಲ್ಲಿ ಮಾಡಿದ್ದು ಒಂದು ಸಾಲು: ‘ದಿನಾ ಬೆಳಿಗ್ಗೆ ಟೂಲ್‌ಬಾಕ್ಸ್ ಮಾತುಕತೆ ನಡೆಸುತ್ತಿದ್ದೆ, ಎತ್ತರದ ಕೆಲಸದ ಪರ್ಮಿಟ್ ಪರಿಶೀಲಿಸುತ್ತಿದ್ದೆ.’ ಸರ್ಟಿಫಿಕೇಟ್‌ಗಿಂತ ಈ ಸಾಲಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಊರು ಬಿಟ್ಟು ಹೋಗುವ ವಿಷಯದಲ್ಲಿ ‘ಎಲ್ಲಿಗಾದರೂ ಬರುತ್ತೇನೆ’ ಎಂಬುದು ಕೇಳಲು ಚೆನ್ನ, ಆದರೆ ಯಾರೂ ನಂಬುವುದಿಲ್ಲ. ಊರು, ದಿನ ಎರಡನ್ನೂ ಹೇಳಿ: ‘ಹೈದರಾಬಾದ್ ಅಥವಾ ಪುಣೆಗೆ ಬರಲು ಸಿದ್ಧ. ನೋಟಿಸ್ ಅವಧಿ 30 ದಿನ. ಮೊದಲು ಒಬ್ಬನೇ ಬಂದು ಸೈಟ್ ಪಕ್ಕದಲ್ಲಿ ಉಳಿಯಬಲ್ಲೆ.’ ವಸತಿ, ಭತ್ಯೆಯ ಮಾತು ಮೊದಲ ಮೇಲ್‌ನಲ್ಲಿ ಬೇಡ. ಕರೆದಾಗ ಕೇಳಿದರಾಯಿತು, ಅಲ್ವಾ?

ಕೊನೆಗೆ ರೆಸ್ಯೂಮೆ, ಸರ್ಟಿಫಿಕೇಟ್ ಎರಡನ್ನೂ ಪಿಡಿಎಫ್ ಮಾಡಿ ಸೇರಿಸಿ. ಡ್ರಾಯಿಂಗ್ ಕಳಿಸಬೇಡಿ, ಅದು ಹಳೇ ಕಂಪನಿಯ ಸ್ವತ್ತು.