ಥೈರಾಯ್ಡ್ ಮಾತ್ರೆಯ ಡೋಸ್ ಏರಿದೆ, ಬೆಟ್ಟ ಹತ್ತುವುದು ಯಾವಾಗ?

ಚಿಕ್ಕಮಗಳೂರಿನ ನಮ್ಮ ಅತ್ತಿಗೆಗೆ 41 ವರ್ಷ. ಥೈರಾಯ್ಡ್ ಕಡಿಮೆ ಇದೆಯೆಂದು 50 ಮೈಕ್ರೋಗ್ರಾಂ ಮಾತ್ರೆ ನುಂಗುತ್ತಿದ್ದರು. ಥೈರಾಯ್ಡ್ ಕಡಿಮೆಯಾದಷ್ಟೂ ರಕ್ತದಲ್ಲಿ ಏರುವ ಟಿಎಸ್‌ಎಚ್ 9 ಬಂತು, ಡಾಕ್ಟರು ಡೋಸನ್ನು 75ಕ್ಕೆ ಏರಿಸಿದರು. ಹತ್ತೇ ದಿನಕ್ಕೆ ಅತ್ತಿಗೆ ಮುಳ್ಳಯ್ಯನಗಿರಿಗೆ ಹೊರಟರು. ಅರ್ಧ ದಾರಿಯಲ್ಲೇ ಕೂತುಬಿಟ್ಟರು. ತೊಡೆನೋವು ಐದು ದಿನ ಬಿಡಲಿಲ್ಲ.

ಜ್ವರದ ಮಾತ್ರೆಯ ಹಾಗೆ ಸಂಜೆಗೇ ಗುಣ ತೋರಿಸುವ ಔಷಧಿ ಇದಲ್ಲ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಹೊಸ ಡೋಸ್ ಒಂದು ಹದಕ್ಕೆ ನಿಲ್ಲಲು ಐದಾರು ವಾರ ಹಿಡಿಯುತ್ತದೆ. 6ರಿಂದ 8 ವಾರ ಬಿಟ್ಟು ಮತ್ತೆ ರಕ್ತಪರೀಕ್ಷೆ ಮಾಡಿಸುವುದೂ ಇದಕ್ಕೇ. ಸ್ನಾಯುಗಳು ಸುಧಾರಿಸಲು ಇನ್ನೂ ಜಾಸ್ತಿ ಸಮಯ ಬೇಕಾಗಬಹುದು.

ಮೊದಲು ಬೆಳಗಿನ ಕಾಫಿ ಸರಿಮಾಡಿಕೊಳ್ಳಿ. ನಮ್ಮೂರಲ್ಲಿ ಇದೇ ಕಷ್ಟದ ಕೆಲಸ! ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಔಷಧಿ ಸರಿಯಾಗಿ ಒಳಗೆ ಸೇರುವುದಿಲ್ಲ. ಅತ್ತಿಗೆ ಈಗ ಐದೂವರೆಗೆ ಬರೀ ನೀರಿನಲ್ಲಿ ಮಾತ್ರೆ ನುಂಗಿ ವಾಕಿಂಗ್ ಹೋಗುತ್ತಾರೆ, ಆರೂವರೆಗೆ ಬಂದು ಕಾಫಿ ಕುಡಿಯುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆಯ ಅಂತರ ಇರಲಿ.

ಡಾಕ್ಟರನ್ನು ಕೇಳಿ, ಮೊದಲ ಆರು ವಾರಕ್ಕೆ ಹೀಗೆ ಪಟ್ಟಿ ಹಾಕಿಕೊಂಡರು: ವಾರಕ್ಕೆ ನಾಲ್ಕು ದಿನ 25 ನಿಮಿಷ ನಡಿಗೆ, ಅದೂ ಮಾತಾಡುತ್ತಾ ನಡೆಯುವಷ್ಟೇ ವೇಗ. ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ಪುಷ್‌ಅಪ್, ತಲಾ ಎಂಟರಂತೆ ಎರಡು ಸಲ. ಆ ಎರಡು ದಿನಗಳ ನಡುವೆ ಕನಿಷ್ಠ 48 ಗಂಟೆ ಬಿಡುವು. ಈ ಅವಧಿಯಲ್ಲಿ ಏನನ್ನೂ ಏರಿಸುವುದಿಲ್ಲ.

ಮೈ ಏನು ಹೇಳುತ್ತಿದೆ ಅಂತ ನೋಡಲು, ಹಾಸಿಗೆಯಿಂದ ಏಳುವ ಮೊದಲೇ ನಾಡಿ ಎಣಿಸಿ ಕ್ಯಾಲೆಂಡರ್ ಮೇಲೆ ಬರೆದಿಡುತ್ತಾರೆ. ಮೈಕೈ ನೋವು ಮೂರನೇ ದಿನವೂ ಇದ್ದರೆ ಮುಂದಿನ ಸಲ ವ್ಯಾಯಾಮ ಅರ್ಧದಷ್ಟೇ. ನಾಡಿ ದಿನೇದಿನೇ ಏರುತ್ತಾ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಕಂಡರೆ ಡೋಸ್ ಜಾಸ್ತಿಯಾಗಿರಬಹುದು. ಆಗ ಡಾಕ್ಟರಿಗೆ ಫೋನ್ ಮಾಡಬೇಕೇ ಹೊರತು ತಾವೇ ಮಾತ್ರೆ ಮುರಿಯಬಾರದು. ಎದೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ತೂಕದ ಬಗ್ಗೆ ಒಂದು ಮಾತು. ಥೈರಾಯ್ಡ್‌ನಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕೆಜಿ, ಅದರಲ್ಲೂ ಬಹುಪಾಲು ಉಪ್ಪು-ನೀರು. ಹತ್ತು ಕೆಜಿ ಇಳಿಸುವ ಕೆಲಸವನ್ನು ಮಾತ್ರೆಗೆ ಒಪ್ಪಿಸಿದರೆ ಆಗೋದಿಲ್ಲ.

ಏಳನೇ ವಾರ, ಆವತ್ತಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಟ್ಟರು. ಟಿಎಸ್‌ಎಚ್ 2.8, ಸರಿಯಾಗಿದೆ. ಆದರೂ ಸುಸ್ತು ಪೂರ್ತಿ ಹೋಗಿರಲಿಲ್ಲ. ಡಾಕ್ಟರು ಡೋಸ್ ಏರಿಸದೆ ಹಿಮೋಗ್ಲೋಬಿನ್, ಬಿ12 ನೋಡಿದರು. ಹಿಮೋಗ್ಲೋಬಿನ್ ಬರೀ 9.6 ಇತ್ತು! ಈಗ ಮಧ್ಯಾಹ್ನ ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದಾರೆ. ನಡಿಗೆಗೆ ವಾರಕ್ಕೆ ಐದು ನಿಮಿಷ ಸೇರುತ್ತಿದೆ, ರತ್ನಗಿರಿ ಬೋರೆಯ ಏರು ಶುರುವಾಗಿದೆ. ಮುಳ್ಳಯ್ಯನಗಿರಿ ಮಳೆಗಾಲ ಮುಗಿದ ಮೇಲೆ ಅಂತೆ.