ಮುಂದಿನವನು ಕಾಯಬಾರದು, ಹಿಂದಿನವನು ಕಾಯಬಹುದು: ರಬ್ಬರ್ ಬ್ಯಾಂಡಿಂಗ್ ಸರಿಮಾಡಿದ ಕಥೆ

ನನ್ನ ರೇಸಿಂಗ್ ಆಟದ ಗುಟ್ಟು ರಟ್ಟು ಮಾಡಿದ್ದು ಅಕ್ಕನ ಮಗ. ವಯಸ್ಸು ಹನ್ನೆರಡು. ನಾಲ್ಕೇ ರೇಸ್ ಆಡಿ ಫೋನ್ ವಾಪಸ್ ಕೊಟ್ಟು, "ಮಾಮ, ಎರಡು ಲ್ಯಾಪ್ ಸುಮ್ನೆ ನಿಧಾನಕ್ಕೆ ಹೋದ್ರೆ ಸಾಕು, ಅವರೇ ಕಾಯ್ತಾರೆ. ಕೊನೇ ಲ್ಯಾಪಲ್ಲಿ ಓಡಿಸಿದ್ರೆ ಗೆಲ್ಲಬಹುದು" ಅಂದ. ಮೂರು ತಿಂಗಳು ಕೂತು ಮಾಡಿದ್ದೆ ಕಣ್ರೀ.

ಅವನು ಹೇಳಿದ್ದು ನಿಜವೇ. ಆಟಗಾರ ಹಿಂದೆ ಬಿದ್ದರೆ ಎದುರಾಳಿ ಕಾರುಗಳು ನಿಧಾನ ಆಗಬೇಕು, ಅವನು ಮುಂದೆ ಹೋದರೆ ಅವು ಜೋರಾಗಬೇಕು. ರಬ್ಬರ್ ಬ್ಯಾಂಡಿಂಗ್ ಅಂದರೆ ಇಷ್ಟೇ. ನಾನು ಇದನ್ನು ಎಲ್ಲರೂ ಮೊದಲು ಮಾಡುವ ರೀತಿಯಲ್ಲೇ ಮಾಡಿದ್ದೆ: ಅಂತರವನ್ನು ಮೀಟರ್‌ನಲ್ಲಿ ಅಳೆದು ಎದುರಾಳಿಯ ಟಾಪ್ ಸ್ಪೀಡನ್ನು ಹೆಚ್ಚು ಕಡಿಮೆ ಮಾಡುವುದು. ಚೆನ್ನಾಗಿ ಓಡಿಸುವವರಿಗೆ ಇದರ ಇನ್ನೊಂದು ಮುಖ ಕಂಡಿತ್ತು. ಆಟಗಾರನ ಕಾರು ನೇರ ರಸ್ತೆಯಲ್ಲಿ 210 ದಾಟುವುದಿಲ್ಲ, ಹಿಂದಿನಿಂದ ಅದೇ ಮಾಡೆಲ್ ಕಾರು 240ರಲ್ಲಿ ಬಂದು ಪಕ್ಕದಲ್ಲೇ ಹಾದು ಹೋಗುತ್ತದೆ. ಅದನ್ನು ನೋಡಿದವರು ತಾವು ಸೋತೆವು ಅಂದುಕೊಳ್ಳುವುದಿಲ್ಲ, ಮೋಸ ಅಂತಾರೆ. ಮೋಸವೇ ತಾನೆ?

ಸರಿಮಾಡಲು ಕೂತಾಗ ಮೊದಲು ಕೈಹಾಕಿದ್ದು ಮೀಟರ್‌ಗೆ. ನನ್ನ ಟ್ರ್ಯಾಕ್ ಚಾರ್ಮಾಡಿ ಘಾಟಿಯ ತಿರುವುಗಳನ್ನು ನೋಡಿ ಬಿಡಿಸಿದ್ದು, ಎರಡೂ ತುದಿ ಸೇರಿಸಿ ಲೂಪ್ ಮಾಡಿಕೊಂಡಿದ್ದೆ. ಒಂದು ಲ್ಯಾಪ್ ಸುಮಾರು 80 ಸೆಕೆಂಡ್. ಗಂಟೆಗೆ 180 ಕಿ.ಮೀ. ವೇಗದಲ್ಲಿ 50 ಮೀಟರ್ ಅಂದರೆ ಒಂದು ಸೆಕೆಂಡ್. ಹೇರ್‌ಪಿನ್ ತಿರುವಿನಲ್ಲಿ 54ಕ್ಕೆ ಇಳಿದಾಗ ಅದೇ 50 ಮೀಟರ್‌ಗೆ ಮೂರು ಸೆಕೆಂಡಿಗಿಂತ ಜಾಸ್ತಿ ಬೇಕು. ಹಾಗಾಗಿ ಮುಂದಿನ ಕಾರು ತಿರುವಿಗೆ ಬ್ರೇಕ್ ಹಾಕಿದ ಕೂಡಲೇ ಮೀಟರ್ ಲೆಕ್ಕದಲ್ಲಿ ಅಂತರ ಕುಗ್ಗುತ್ತದೆ. ನನ್ನ ಕೋಡ್ ಅದನ್ನು ನೋಡಿ "ಓ, ಆಟಗಾರ ಹತ್ತಿರ ಬಂದ" ಅಂದುಕೊಂಡು ತಿರುವಿನ ನಡುವೆಯೇ ಎದುರಾಳಿಗೆ ವೇಗ ಕೊಡುತ್ತಿತ್ತು. ತಿರುವು ಮುಗಿದು ಅಂತರ ಹಿಗ್ಗಿದರೆ ಮತ್ತೆ ನಿಧಾನ. ಪ್ರತಿ ಹೇರ್‌ಪಿನ್‌ನಲ್ಲೂ ಇದೇ ಕುಣಿತ.

ಈಗ ಟ್ರ್ಯಾಕ್ ಉದ್ದಕ್ಕೂ ಹತ್ತು ಮೀಟರ್‌ಗೆ ಒಂದು ಗುರುತು ಇಟ್ಟಿದ್ದೇನೆ. ಯಾವ ಕಾರು ಯಾವ ಗುರುತನ್ನು ಎಷ್ಟು ಹೊತ್ತಿಗೆ ದಾಟಿತು ಅಂತ ಬರೆದಿಟ್ಟುಕೊಂಡರೆ ಅಂತರ ನೇರವಾಗಿ ಸೆಕೆಂಡ್‌ನಲ್ಲೇ ಸಿಗುತ್ತದೆ. ಕುಣಿತ ಅರ್ಧಕ್ಕರ್ಧ ಅಲ್ಲಿಗೇ ನಿಂತಿತು.

ಎರಡನೆಯದು, ಎಂಜಿನ್ ಮುಟ್ಟುವುದನ್ನು ಪೂರ್ತಿ ಬಿಟ್ಟೆ. ಎದುರಾಳಿ ಕಾರುಗಳ ಟಾಪ್ ಸ್ಪೀಡ್, ಪಿಕಪ್ ಎಲ್ಲ ಆಟಗಾರನ ಕಾರಿನಷ್ಟೇ. ಬದಲಾಗುವುದು ಡ್ರೈವರ್ ಕೈಚಳಕ ಮಾತ್ರ. ಟೈರಿನ ಹಿಡಿತಕ್ಕೆ ಆ ತಿರುವಿನಲ್ಲಿ ಅತಿ ಹೆಚ್ಚು ಎಷ್ಟು ವೇಗ ಸಾಧ್ಯವೋ ಅದನ್ನು 1 ಅಂತ ಇಟ್ಟುಕೊಂಡರೆ, 0.90 ಇರುವ ಡ್ರೈವರ್ ಅದರ ಶೇ 90ರಷ್ಟು ವೇಗದಲ್ಲಿ ತಿರುಗುತ್ತಾನೆ, ಅದಕ್ಕೆ ತಕ್ಕಂತೆ ಸ್ವಲ್ಪ ಮುಂಚೆಯೇ ಬ್ರೇಕ್ ಹಾಕುತ್ತಾನೆ. ಹಿಂದಿನಿಂದ ನೋಡುವವನಿಗೆ ಇದು ಅಳುಕಿನ ಡ್ರೈವಿಂಗ್ ಥರ ಕಾಣುತ್ತದೆ. ಕಾಯುತ್ತಿದ್ದಾನೆ ಅನ್ನಿಸುವುದಿಲ್ಲ. ನನ್ನ ಟ್ರ್ಯಾಕಿನಲ್ಲಿ ಈ ಅಂಕಿ 0.01 ಇಳಿದರೆ ಲ್ಯಾಪ್‌ಗೆ ಸುಮಾರು ಅರ್ಧ ಸೆಕೆಂಡ್ ಹೋಗುತ್ತದೆ. ನಿಮ್ಮ ಟ್ರ್ಯಾಕಿಗೆ ಬೇರೆ ಬರುತ್ತದೆ. ಆಟಗಾರನೇ ಇಲ್ಲದೆ ಕಾರುಗಳನ್ನು ಓಡಲು ಬಿಟ್ಟು ಮೊದಲು ಇದನ್ನು ಅಳೆದುಕೊಳ್ಳಿ, ಇಲ್ಲದಿದ್ದರೆ ಮುಂದಿನದೆಲ್ಲ ಕತ್ತಲೆಯಲ್ಲಿ ತಡಕಾಡಿದ ಹಾಗೆ.

ಇಷ್ಟಾದರೂ ಅಕ್ಕನ ಮಗನ ಉಪಾಯ ಕೆಲಸ ಮಾಡುತ್ತಲೇ ಇತ್ತು! ಯಾಕೆ ಅಂತ ತಿಳಿಯಲು ಅವನು ಆಡುವಾಗ ಪಕ್ಕದಲ್ಲಿ ಕೂತೆ, ಜೊತೆಗೆ ನಮ್ಮ ತಾಯಿಗೂ ಒಂದು ಫೋನ್ ಕೊಟ್ಟೆ. ಅಮ್ಮ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿ ಕೊನೆಗೆ ಬಿದ್ದರು. ಆಮೇಲೆ ಒಂದು ಕಾರಿನ ಹಿಂದೆ ಬಿದ್ದು ಅರ್ಧ ಲ್ಯಾಪ್ ಒದ್ದಾಡಿ ಕೊನೆಗೂ ಅದನ್ನು ದಾಟಿದಾಗ, ಇನ್ನೂ ಐದನೇ ಸ್ಥಾನದಲ್ಲಿದ್ದರೂ, ಖುಷಿಯಿಂದ ಕೂಗಿದರು. ಮೊದಲ ಸ್ಥಾನದಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತೂ ಇರಲಿಲ್ಲ, ಬೇಕೂ ಇರಲಿಲ್ಲ. ಅವರ ಕೈಯಿಂದ ಫೋನ್ ಕೆಳಗಿಳಿದದ್ದು ಒಂದೇ ಸಲ, ಎದುರಿಗೆ ರಸ್ತೆ ಖಾಲಿಯಾಗಿ ಯಾರೂ ಕಾಣದೆ ಹೋದಾಗ.

ಹಾಗಿದ್ದ ಮೇಲೆ ಮೊದಲನೆಯವನು ಕಾಯುವುದು ಯಾತಕ್ಕೆ? ಅಲ್ಲಿಯವರೆಗೆ ಐದೂ ಎದುರಾಳಿಗಳಿಗೆ ಒಂದೇ ಅಳತೆಯ ರಬ್ಬರ್ ಬ್ಯಾಂಡ್ ಕಟ್ಟಿದ್ದೆ. ಈಗ ಒಬ್ಬೊಬ್ಬರಿಗೆ ಒಂದೊಂದು:

```csharp
float err = gap - targetGap;
if (Mathf.Abs(err) < 1.5f) err = 0f;
float want = Mathf.Clamp(baseSkill - err * 0.02f,
                         baseSkill - down,
                         baseSkill + up);
skill = Mathf.MoveTowards(skill, want,
                          0.01f * Time.deltaTime);
```

`gap` ಅಂದರೆ ಆ ಕಾರು ಆಟಗಾರನಿಗಿಂತ ಎಷ್ಟು ಸೆಕೆಂಡ್ ಮುಂದಿದೆ ಅನ್ನುವುದು, `targetGap` ಅಂದರೆ ಎಷ್ಟು ಮುಂದಿರಬೇಕು ಅನ್ನುವುದು. `baseSkill` ಆ ಡ್ರೈವರ್‌ನ ಮಾಮೂಲಿ ಕೈಚಳಕ, ಅದು ಎಷ್ಟು ಇಳಿಯಬಹುದು ಅನ್ನುವುದು `down`, ಎಷ್ಟು ಏರಬಹುದು ಅನ್ನುವುದು `up`. ಮುಂಚೂಣಿಯ ಕಾರಿಗೆ `baseSkill` 0.93, `down` ಮತ್ತು `up` ಎರಡೂ ಬರೀ 0.01. ಅವನು ಹೆಚ್ಚುಕಡಿಮೆ ತನ್ನ ಪಾಡಿಗೆ ತಾನು ಓಡುತ್ತಾನೆ. ಕೊನೆಯ ಕಾರಿಗೆ `baseSkill` 0.86, `down` 0.07, `up` 0.02. ನಡುವಿನ ಮೂವರು ಇವೆರಡರ ಮಧ್ಯೆ. `up` ಯಾವಾಗಲೂ ಚಿಕ್ಕದು, ಯಾಕೆಂದರೆ ಕಷ್ಟಪಟ್ಟು ಗಳಿಸಿದ ಲೀಡನ್ನು ಆಟ ಕಿತ್ತುಕೊಂಡರೆ ಆಟಗಾರ ಅದನ್ನು ಮರೆಯುವುದಿಲ್ಲ.

ಒಂದೂವರೆ ಸೆಕೆಂಡ್ ಒಳಗಿನ ವ್ಯತ್ಯಾಸಕ್ಕೆ ಏನೂ ಮಾಡದಿರುವ ಆ ಎರಡನೇ ಸಾಲನ್ನು ಬಿಡಬೇಡಿ. ಅದಿಲ್ಲದಾಗ ಪಕ್ಕಪಕ್ಕದಲ್ಲಿ ಪೈಪೋಟಿ ನಡೆಯುವಾಗಲೂ ಎದುರಾಳಿ ಚೂರು ನಿಧಾನ, ಚೂರು ಜೋರು ಅಂತ ತೊಯ್ದಾಡುತ್ತಿದ್ದ. ಬ್ರೇಕ್ ಲೈಟ್ ಸೀರಿಯಲ್ ಸೆಟ್ ಥರ ಮಿಣಮಿಣ ಅನ್ನುತ್ತಿತ್ತು, ಅದನ್ನು ನೋಡಿಯೇ ತಪ್ಪು ಎಲ್ಲಿದೆ ಅಂತ ಹೊಳೆದದ್ದು. ಹತ್ತಿರದ ಪೈಪೋಟಿಯಲ್ಲಿ ಆಟ ಕೈ ಹಾಕಲೇಬಾರದು.

ಲೆಕ್ಕ ಹಾಕಿ ನೋಡಿ. ಅಮ್ಮ ಗೋಡೆಗೆ ಗುದ್ದಿ, ಕೊನೆಯ ಕಾರು ಅದರ `targetGap` ಮೀರಿ 5 ಸೆಕೆಂಡ್ ಮುಂದೆ ಹೋಯಿತು ಅಂತಿಟ್ಟುಕೊಳ್ಳಿ. ಆ ಕಾರು ಏಳು ಸೆಕೆಂಡ್‌ನಲ್ಲಿ ಮೆಲ್ಲಗೆ 0.79ಕ್ಕೆ ಇಳಿಯುತ್ತದೆ. ಆಮೇಲೆ ಮೊದಮೊದಲು ಲ್ಯಾಪ್‌ಗೆ ಸುಮಾರು ಮೂರೂವರೆ ಸೆಕೆಂಡಿನ ಲೆಕ್ಕದಲ್ಲಿ, ಅಂತರ ಕುಗ್ಗಿದಂತೆ ಅದಕ್ಕಿಂತ ಕಡಿಮೆ ಕಳೆದುಕೊಳ್ಳುತ್ತ ಒಂದು ಲ್ಯಾಪ್ ಆಗುವಷ್ಟರಲ್ಲಿ ಅಮ್ಮನ ಕಣ್ಣಿಗೆ ಬೀಳುತ್ತದೆ. ಮುಂಚೂಣಿಯವನು ಅದೇ ಲ್ಯಾಪ್‌ನಲ್ಲಿ ಬಿಟ್ಟುಕೊಡುವುದು ಅರ್ಧ ಸೆಕೆಂಡ್. ಅಂದರೆ ಐದನೇ ಸ್ಥಾನಕ್ಕೆ ಏರಲು ಆಟ ಕೈಹಿಡಿಯುತ್ತದೆ, ಮೊದಲ ಸ್ಥಾನ ಬೇಕಿದ್ದರೆ ನೀವೇ ಓಡಿಸಬೇಕು. ಕೊನೆಯ ಲ್ಯಾಪಿನಲ್ಲಿ ಬ್ಯಾಂಡ್ ಪೂರ್ತಿ ಬಂದ್, ಎಲ್ಲರೂ ಅವರವರ `baseSkill`ಗೆ ಮೆಲ್ಲಗೆ ವಾಪಸ್.

ಮಾರಿಯೋ ಕಾರ್ಟ್‌ನಲ್ಲಿ ಹಿಂದಿರುವವರಿಗೆ ಬಲವಾದ ಐಟಂ ಸಿಗುತ್ತದಲ್ಲ, ಹಾಗೆ ಯಾಕೆ ಮಾಡಲಿಲ್ಲ ಅಂತ ಗೆಳೆಯನೊಬ್ಬ ಕೇಳಿದ. ಅದು ಒಳ್ಳೆಯ ದಾರಿಯೇ, ಸಹಾಯ ಎಲ್ಲರ ಕಣ್ಣಿಗೂ ಕಾಣುತ್ತದೆ, ಹಾಗಾಗಿ ಯಾರೂ ಮೋಸ ಅನ್ನುವುದಿಲ್ಲ. ಆದರೆ ನನ್ನ ಆಟದಲ್ಲಿ ಬರೀ ಕಾರು, ರಸ್ತೆ. ಐಟಂ ತಂದರೆ ಅದು ಬೇರೆಯೇ ಆಟ ಆಗುತ್ತದೆ.

ತುಂಬಾ ಚೆನ್ನಾಗಿ ಓಡಿಸುವವರಿಗೆ ರೇಸ್ ನಡುವೆ ಏನೂ ಮಾಡುವುದಿಲ್ಲ. ಅವರು ಒಬ್ಬರೇ ಮುಂದೆ ಹೋದರೆ ಹೋಗಲಿ. ಸತತ ಎರಡು ರೇಸ್ ಗೆದ್ದರೆ ಮುಂದಿನ ರೇಸಿಗೆ ಐದೂ ಜನರ `baseSkill` 0.01 ಏರುತ್ತದೆ, ಅದನ್ನು ಪರದೆ ಮೇಲೆ "ಎದುರಾಳಿಗಳು ಚುರುಕಾಗಿದ್ದಾರೆ" ಅಂತ ಹೇಳಿಯೇ ಬಿಡುತ್ತೇನೆ. ಇದಕ್ಕೆ ಇವತ್ತಿನವರೆಗೆ ಯಾರೂ ತಕರಾರು ಮಾಡಿಲ್ಲ.

ಸರಿಹೋಗದೆ ಉಳಿದದ್ದು ಚಿಕ್ಕ ಟ್ರ್ಯಾಕ್. 40 ಸೆಕೆಂಡ್ ಲ್ಯಾಪ್‌ನ ಒಂದು ಪೇಟೆ ಟ್ರ್ಯಾಕ್ ಇದೆ, ತಿರುವು ಕಡಿಮೆ. ಅಲ್ಲಿ ಕೊನೆಯ ಕಾರು ನಿಧಾನ ಆಗಿ ಆಟಗಾರನ ಕಣ್ಣಿಗೆ ಬೀಳುವಷ್ಟರಲ್ಲಿ ರೇಸೇ ಮುಗಿದಿರುತ್ತದೆ. `down` ಜಾಸ್ತಿ ಮಾಡಿದರೆ ಕಾರು ತಿರುವಿನಲ್ಲಿ ತೆವಳುವುದು ಎದ್ದು ಕಾಣುತ್ತದೆ. ಸದ್ಯಕ್ಕೆ ಅಲ್ಲಿ ಮೂರರ ಬದಲು ಐದು ಲ್ಯಾಪ್ ಇಟ್ಟಿದ್ದೇನೆ.

ಅಕ್ಕನ ಮಗ ಹೊಸ ಆವೃತ್ತಿಯಲ್ಲೂ ಎರಡು ಲ್ಯಾಪ್ ಸುಮ್ನೆ ಹಿಂದೆ ಕೂತು ನೋಡಿದ. ಮೂರನೆಯವನಾಗಿ ಬಂದ. ನನ್ನ ಮುಖ ನೋಡಿ ಏನೂ ಹೇಳದೆ ಮತ್ತೆ ಸ್ಟಾರ್ಟ್ ಒತ್ತಿದ.